ಬದಲಾಗುವ ಪಾತ್ರ, ಬದಲಾಗದ ಪಾತ್ರ: ಡಿಕನ್ಸನ ಒಂದು ಕಾದಂಬರಿಯ ಅಧ್ಯಾಯಗಳ ಜಾಡಿನಲ್ಲಿ

ಕಾದಂಬರಿಯೊಂದನ್ನು ಪಠ್ಯವಾಗಿ ಓದಿದ ವಿದ್ಯಾರ್ಥಿಗೆ ಪಾತ್ರಚಿತ್ರಣದ ಪ್ರಶ್ನೆಯನ್ನು ಕೊಟ್ಟರೆ ಅವನು ಬಹುಮಟ್ಟಿಗೆ ಗುಣಗಳ ಪಟ್ಟಿಯೊಂದನ್ನು ಬರೆದುಕೊಡುತ್ತಾನೆ. ನಾಯಕನು ದಯಾಳು, ಪ್ರಾಮಾಣಿಕ, ಕೆಲವೊಮ್ಮೆ ಅಹಂಕಾರಿ, ಕೊನೆಗೆ ಪಶ್ಚಾತ್ತಾಪಿ. ಇವುಗಳಲ್ಲಿ ಒಂದೂ ಸುಳ್ಳಾಗಿರುವುದಿಲ್ಲ. ಆದರೆ ಅಹಂಕಾರ ಯಾವಾಗ ಬಂದಿತು, ಪಶ್ಚಾತ್ತಾಪಕ್ಕೆ ಎಲ್ಲಿ ತಿರುಗಿತು, ಯಾವುದು ತಿರುಗಿಸಿತು ಎಂಬ ವಿಷಯದಲ್ಲಿ ಆ ಪಟ್ಟಿ ಮೌನವಾಗಿರುತ್ತದೆ. ಕಾದಂಬರಿಯು ಕಾಲದಲ್ಲಿ ಹರಿಯುವ ಬರಹ, ಪಟ್ಟಿಗೆ ಕಾಲವೆಂಬುದಿಲ್ಲ. ಸ್ಥಿರಪಾತ್ರವನ್ನು ಪರಿವರ್ತನಶೀಲ ಪಾತ್ರದಿಂದ ಬೇರೆಯಾಗಿ ಗುರುತಿಸುವ ಕೆಲಸ ಈ ಕೊರತೆಯನ್ನು ತುಂಬುವುದರಿಂದಲೇ ಆರಂಭವಾಗಬೇಕು.

ಸ್ಥಿರ, ಚರ ಎಂಬ ಮಾತು ಬಂದೊಡನೆ ಶರಣಸಾಹಿತ್ಯದ ಪರಿಚಯವುಳ್ಳ ಅಧ್ಯಾಪಕರಿಗೆ ಸ್ಥಾವರ-ಜಂಗಮಗಳ ನೆನಪಾಗುವುದು ಸಹಜ. ತರಗತಿಯಲ್ಲಿ ಈ ಹೋಲಿಕೆ ಬೇಗನೆ ಮನಸ್ಸಿಗೆ ಹತ್ತುತ್ತದೆ. ಆದರೆ ಅದರಲ್ಲಿ ಒಂದು ಅಪಾಯವೂ ಉಂಟು. ವಚನಕಾರರ ದೃಷ್ಟಿಯಲ್ಲಿ ಜಂಗಮವು ಸ್ಥಾವರಕ್ಕಿಂತ ಮೇಲು. ಆ ಮೌಲ್ಯವನ್ನು ಹಾಗೆಯೇ ಕಾದಂಬರಿಗೆ ತಂದರೆ, ಬದಲಾಗುವ ಪಾತ್ರ ಶ್ರೇಷ್ಠ, ಬದಲಾಗದ ಪಾತ್ರ ಕನಿಷ್ಠ ಎಂಬ ತಪ್ಪು ತೀರ್ಮಾನಕ್ಕೆ ವಿದ್ಯಾರ್ಥಿ ಬಂದುಬಿಡುತ್ತಾನೆ. ರಾಘವಾಂಕನ ಹರಿಶ್ಚಂದ್ರನನ್ನು ನೆನೆದರೆ ಈ ತೀರ್ಮಾನ ನಿಲ್ಲುವುದಿಲ್ಲ. ರಾಜ್ಯ ಹೋಗುತ್ತದೆ, ಹೆಂಡತಿ ಮಕ್ಕಳು ಮಾರಾಟವಾಗುತ್ತಾರೆ, ಅರಸನು ಸುಡುಗಾಡಿನ ಕಾವಲುಗಾರನಾಗುತ್ತಾನೆ. ಆದರೆ ಅವನ ಸ್ವಭಾವ ಮೊದಲಿದ್ದಲ್ಲಿಯೇ ಇದೆ. ಅವನು ಬದಲಾಗಲಿಲ್ಲವೆಂಬುದೇ ಆ ಕಾವ್ಯದ ಕಥೆ. ಆದ್ದರಿಂದ ಸ್ಥಿರ, ಪರಿವರ್ತನಶೀಲ ಎಂಬುವು ಅಂಕ ಹಾಕುವ ಮಾತುಗಳಲ್ಲ. ಪಾತ್ರವು ಕೃತಿಯಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಹೇಳುವ ಮಾತುಗಳು.

ಈ ವಿವೇಚನೆಗೆ ಚಾರ್ಲ್ಸ್ ಡಿಕನ್ಸನ 'ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್' ಕಾದಂಬರಿಯಷ್ಟು ಅನುಕೂಲವಾದ ಕೃತಿ ಅಪರೂಪ. 1860ರ ಡಿಸೆಂಬರಿನಿಂದ 1861ರ ಆಗಸ್ಟ್‌ವರೆಗೆ ಡಿಕನ್ಸನು ತನ್ನದೇ ವಾರಪತ್ರಿಕೆಯಲ್ಲಿ ಇದನ್ನು ಕಂತುಕಂತಾಗಿ ಪ್ರಕಟಿಸಿದನು. ಒಟ್ಟು 59 ಅಧ್ಯಾಯಗಳು. ಅವುಗಳನ್ನು ಲೇಖಕನೇ ಮೂರು ಘಟ್ಟಗಳಾಗಿ ವಿಂಗಡಿಸಿದ್ದಾನೆ: 19ನೆಯ ಅಧ್ಯಾಯಕ್ಕೆ ಮೊದಲನೆಯದು, 39ನೆಯದಕ್ಕೆ ಎರಡನೆಯದು ಮುಗಿಯುತ್ತದೆ. ಕಥೆ ಸಂಕ್ಷೇಪವಾಗಿ ಹೀಗಿದೆ. ತಂದೆತಾಯಿಗಳಿಲ್ಲದ ಪಿಪ್ ಎಂಬ ಬಾಲಕ ಕೆಂಟ್ ಪ್ರಾಂತದ ಜವುಗುನೆಲದ ಪಕ್ಕದ ಹಳ್ಳಿಯಲ್ಲಿ ಅಕ್ಕನ ಮನೆಯಲ್ಲಿ ಬೆಳೆಯುತ್ತಾನೆ. ಅಕ್ಕನ ಗಂಡ ಜೋ ಗಾರ್ಜರಿ ಊರಿನ ಕಮ್ಮಾರ. ಓಡಿಬಂದ ಕೈದಿಯೊಬ್ಬನಿಗೆ ಪಿಪ್ ಹೆದರಿಕೆಯಿಂದ ಅನ್ನ ಮತ್ತು ಅರವನ್ನು ಕದ್ದು ತಂದುಕೊಡುತ್ತಾನೆ. ಮುಂದೆ ಮಿಸ್ ಹ್ಯಾವಿಷಾಮ್ ಎಂಬ ಶ್ರೀಮಂತಳ ಮನೆಗೆ ಹೋಗಿಬರತೊಡಗಿ, ಅಲ್ಲಿನ ಎಸ್ಟೆಲ್ಲಾ ಎಂಬ ಹುಡುಗಿಯ ತಿರಸ್ಕಾರಕ್ಕೆ ಗುರಿಯಾಗಿ, ತಾನೂ ದೊಡ್ಡ ಮನುಷ್ಯನಾಗಬೇಕೆಂದು ಹಂಬಲಿಸುತ್ತಾನೆ. ಅಜ್ಞಾತ ದಾನಿಯೊಬ್ಬನ ಹಣ ಅವನನ್ನು ಲಂಡನ್ನಿಗೆ ಒಯ್ಯುತ್ತದೆ. ಆ ದಾನಿ ಮಿಸ್ ಹ್ಯಾವಿಷಾಮಳಲ್ಲ, ಬಾಲ್ಯದಲ್ಲಿ ಕಂಡ ಅದೇ ಕೈದಿ ಮ್ಯಾಗ್ವಿಚ್ ಎಂಬುದು 39ನೆಯ ಅಧ್ಯಾಯದಲ್ಲಿ ಹೊರಬೀಳುತ್ತದೆ.

ಮೊದಲು ಬದಲಾಗದವನನ್ನು ನೋಡಬೇಕು; ಏಕೆಂದರೆ ಬದಲಾಗುವವನನ್ನು ಅಳೆಯುವುದು ಅವನಿಂದಲೇ. 5ನೆಯ ಅಧ್ಯಾಯದಲ್ಲಿ ಸಿಪಾಯಿಗಳ ಕೈಗೆ ಸಿಕ್ಕ ಕೈದಿ, ಕಮ್ಮಾರನ ಮನೆಯ ತಿನಿಸನ್ನು ಕದ್ದವನು ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಆಗ ಜೋ, ನೀನು ಏನು ತಪ್ಪು ಮಾಡಿದೆಯೋ ಗೊತ್ತಿಲ್ಲ, ಹಸಿದು ಸಾಯಲಿ ಎಂದು ನಾವು ಬಯಸುವವರಲ್ಲ ಎಂಬ ಅರ್ಥದ ಮಾತಾಡುತ್ತಾನೆ. 18ನೆಯ ಅಧ್ಯಾಯದಲ್ಲಿ ವಕೀಲ ಜ್ಯಾಗರ್ಸ್ ಬಂದು, ಕಸಬು ಕಲಿಯುತ್ತಿದ್ದ ಹುಡುಗನನ್ನು ಕಳೆದುಕೊಳ್ಳುವುದಕ್ಕೆ ಪರಿಹಾರವಾಗಿ ಹಣ ಬೇಕೇ ಎಂದು ಕೇಳಿದಾಗ ಜೋ ನಿರಾಕರಿಸುತ್ತಾನೆ. ಮತ್ತೆ ಕೆಣಕಿದರೆ ಆ ಮೆತ್ತನೆಯ ಮನುಷ್ಯ ಕುಸ್ತಿಗೇ ನಿಲ್ಲುತ್ತಾನೆ. 57ನೆಯ ಅಧ್ಯಾಯದಲ್ಲಿ ಕಾಯಿಲೆ ಬಿದ್ದ ಪಿಪ್‌ನನ್ನು ವಾರಗಟ್ಟಲೆ ಶುಶ್ರೂಷೆ ಮಾಡಿ, ಅವನ ಮೇಲಿದ್ದ 123 ಪೌಂಡಿಗೂ ಹೆಚ್ಚಿನ ಸಾಲವನ್ನು ಹೇಳದೆ ತೀರಿಸಿ, ಬೆಳಗಾಗುವುದರೊಳಗೆ ಊರಿಗೆ ಹೊರಟುಹೋಗುತ್ತಾನೆ. ಐದು, ಹದಿನೆಂಟು, ಐವತ್ತೇಳು: ಈ ಮೂರು ಸಂದರ್ಭಗಳಲ್ಲಿಯೂ ಇರುವವನು ಒಬ್ಬನೇ ಜೋ. ಯಾವ ಅಧ್ಯಾಯದ ಜೋನನ್ನು ತೆಗೆದು ಇನ್ನೊಂದರಲ್ಲಿ ಇಟ್ಟರೂ ಅವನು ಅಲ್ಲಿಯೂ ಹಾಗೆಯೇ ನಡೆದುಕೊಳ್ಳುತ್ತಿದ್ದನು. ಸ್ಥಿರಪಾತ್ರಕ್ಕೆ ಇದಕ್ಕಿಂತ ಸರಳವಾದ ಪರೀಕ್ಷೆ ಬೇಕಿಲ್ಲ.

ಆದರೆ ಈ ಪರೀಕ್ಷೆಯನ್ನು ಪ್ರಯೋಗಿಸುವಾಗ ಒಂದು ಗೊಂದಲ ಬರುತ್ತದೆ. ಇ. ಎಂ. ಫಾರ್‌ಸ್ಟರ್ 1927ರಲ್ಲಿ ಕಾದಂಬರಿಯನ್ನು ಕುರಿತು ಬರೆದ ಪುಸ್ತಕದಲ್ಲಿ ಪಾತ್ರಗಳನ್ನು ಚಪ್ಪಟೆ, ದುಂಡು ಎಂದು ವಿಭಾಗಿಸಿದನು. ಒಂದೇ ಭಾವದ ಸುತ್ತ ಕಟ್ಟಿದ್ದು ಚಪ್ಪಟೆ. ಓದುಗನನ್ನು ನಂಬುವಂತೆ ಬೆರಗುಗೊಳಿಸಬಲ್ಲದ್ದು ದುಂಡು. ಅನೇಕ ಕೈಪಿಡಿಗಳು ಚಪ್ಪಟೆಯೆಂದರೆ ಸ್ಥಿರ, ದುಂಡೆಂದರೆ ಪರಿವರ್ತನಶೀಲ ಎಂದು ಎರಡು ವಿಭಾಗಗಳನ್ನೂ ಒಂದೇ ಮಾಡಿಬಿಟ್ಟಿವೆ. ಜೋನ ಪಾತ್ರ ಇದನ್ನು ಒಪ್ಪುವುದಿಲ್ಲ. 7ನೆಯ ಅಧ್ಯಾಯದಲ್ಲಿ ಅವನು ತನ್ನ ಬಾಲ್ಯವನ್ನು ಪಿಪ್‌ಗೆ ಹೇಳುತ್ತಾನೆ: ತಂದೆ ಕುಡುಕ, ತಾಯಿಯನ್ನೂ ಮಗನನ್ನೂ ಹೊಡೆಯುತ್ತಿದ್ದನು. ಆ ತಾಯಿಯ ಪಾಡನ್ನು ಕಂಡವನಾದ್ದರಿಂದ ಹೆಂಗಸಿಗೆ ಅನ್ಯಾಯ ಮಾಡುವುದಕ್ಕಿಂತ ಹೆಂಡತಿಯ ಬಾಯಿಗೆ ತಾನೇ ತುತ್ತಾಗುವುದು ಲೇಸೆಂದು ಅವನು ಆರಿಸಿಕೊಂಡಿದ್ದಾನೆ. ಜೋನ ಸಾಧುತನ ಪೆದ್ದುತನವಲ್ಲ, ನಿಶ್ಚಯ. ಅವನಿಗೆ ಆಳವಿದೆ, ಚಲನೆಯಿಲ್ಲ. ಆಳ ಎಷ್ಟೆಂಬುದು ಒಂದು ಪ್ರಶ್ನೆ, ಚಲನೆ ಇದೆಯೆ ಎಂಬುದು ಇನ್ನೊಂದು. ಎರಡನ್ನೂ ಬೇರೆಬೇರೆಯಾಗಿಯೇ ಕೇಳಬೇಕು. ಜ್ಯಾಗರ್ಸ್‌ನ ಗುಮಾಸ್ತ ವೆಮ್ಮಿಕ್‌ನ ವಿಷಯದಲ್ಲಿಯೂ ಹೀಗೆಯೇ. ಕಚೇರಿಯಲ್ಲಿ ಅಂಚೆಪೆಟ್ಟಿಗೆಯಂಥ ಬಾಯಿ, ಮನೆಯಲ್ಲಿ ಮುದಿತಂದೆಯ ಸೇವೆ. ಇಬ್ಬರು ಮನುಷ್ಯರೇ ಎನ್ನಿಸುತ್ತದೆ. ಆದರೆ ಅವನು ಪ್ರತಿದಿನವೂ ಒಬ್ಬನಿಂದ ಇನ್ನೊಬ್ಬನಾಗಿ, ಮರುದಿನ ಮತ್ತೆ ಮೊದಲಿನವನಾಗುತ್ತಾನೆ. ಅದು ವಾಡಿಕೆ, ಪರಿವರ್ತನೆಯಲ್ಲ.

ಜೋನ ಬಗ್ಗೆ ವಿದ್ಯಾರ್ಥಿಗಳು ಎತ್ತುವ ಆಕ್ಷೇಪವೊಂದುಂಟು. ಅಕ್ಷರ ಬಾರದಿದ್ದ ಜೋ 57ನೆಯ ಅಧ್ಯಾಯದ ವೇಳೆಗೆ ಬಿಡ್ಡಿಯಿಂದ ಬರೆಯಲು ಕಲಿತಿದ್ದಾನೆ, ಮುಂದಿನ ಅಧ್ಯಾಯದಲ್ಲಿ ಅವಳನ್ನೇ ಮದುವೆಯಾಗುತ್ತಾನೆ, ಇದು ಬದಲಾವಣೆಯಲ್ಲವೆ? ಬದಲಾವಣೆಯೇ ಸರಿ, ಆದರೆ ಬದುಕಿನದು. ಹೊಸ ವಿದ್ಯೆ, ಹೊಸ ಸಂಬಂಧ, ಹೊಸ ಸಂಪತ್ತು ಇವು ಮನುಷ್ಯನಿಗೆ ಒದಗುವಂಥವು. ಪರೀಕ್ಷೆಯ ಗಳಿಗೆಯಲ್ಲಿ ಅವನು ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯುತ್ತಾನೆ ಎಂಬುದು ಬದಲಾದಾಗ ಮಾತ್ರ ಪಾತ್ರ ಬದಲಾಯಿತೆನ್ನಬೇಕು. ಇದೇ ಕಾರಣದಿಂದ ಡಿಕನ್ಸನು ಗುರುತಿಸಿದ ಮೂರು ಘಟ್ಟಗಳನ್ನು ಪಿಪ್‌ನ ಪಾತ್ರಪಥದ ಮೂರು ಮೈಲಿಗಲ್ಲುಗಳೆಂದು ನೇರವಾಗಿ ತೆಗೆದುಕೊಳ್ಳಲಾಗದು. ಅವು ಪಿಪ್‌ನ ನಿರೀಕ್ಷೆಗಳ ಘಟ್ಟಗಳು, ಎಂದರೆ ಅದೃಷ್ಟದ ಘಟ್ಟಗಳು. ಅವನ ಸ್ವಭಾವ ತಿರುಗುವ ಜಾಗಗಳು ಬೇರೆ.

ಆ ಜಾಗಗಳನ್ನು ಹುಡುಕುವುದಕ್ಕೆ ತರಗತಿಯಲ್ಲಿ ಬಳಸಬಹುದಾದ ಉಪಾಯ ಬಹಳ ಸಾದಾ. ನೋಟುಪುಸ್ತಕದ ಹಾಳೆಯಲ್ಲಿ ಅಧ್ಯಾಯದ ಅಂಕಿಗೆ ಎದುರಾಗಿ ಮೂರು ಅಂಕಣಗಳನ್ನು ಗೆರೆ ಹಾಕಬೇಕು: ಪಾತ್ರಕ್ಕೆ ಬೇಕಾದದ್ದು, ಅದು ಮಾಡಿದ್ದು, ಅದಕ್ಕಾಗಿ ತೆತ್ತದ್ದು ಅಥವಾ ಬೇರೆಯವರಿಂದ ತೆರಿಸಿದ್ದು. ಎಲ್ಲ 59 ಅಧ್ಯಾಯಗಳನ್ನೂ ತುಂಬುವ ಅಗತ್ಯವಿಲ್ಲ. ಪಾತ್ರದ ಮುಂದೆ ಎರಡು ದಾರಿಗಳು ನಿಜವಾಗಿಯೂ ತೆರೆದಿರುವ ಅಧ್ಯಾಯಗಳನ್ನು ಮಾತ್ರ ಆರಿಸಿದರೆ ಹದಿನೈದರ ಹತ್ತಿರ ಸಾಲುಗಳಾಗುತ್ತವೆ. ಬಳಿಕ ಒಂದೇ ಬಗೆಯ ಸಂದರ್ಭ ಮರಳಿ ಬಂದಿರುವ ಸಾಲುಗಳನ್ನು ಹುಡುಕಿ ಪಕ್ಕಪಕ್ಕದಲ್ಲಿ ಇಡಬೇಕು. ಜಾಣ ಕಾದಂಬರಿಕಾರರು ಸಂದರ್ಭಗಳನ್ನು ಮರಳಿ ತರುವುದು ಸುಮ್ಮನಲ್ಲ. ಸಂದರ್ಭ ಒಂದೇ ಆಗಿದ್ದು ನಡತೆ ಬೇರೆಯಾದರೆ, ಆ ಅಂತರವೇ ಪರಿವರ್ತನೆಯ ಅಳತೆ.

ಈ ಹಾಳೆಯನ್ನು ತುಂಬುವಾಗ ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನಿರೂಪಣೆಯ ವಿಷಯದಲ್ಲಿ. ಕಥೆಯನ್ನು ಹೇಳುತ್ತಿರುವವನು ಪಿಪ್‌ನೇ. ಆದರೆ ಹೇಳುವ ಪಿಪ್ ಎಲ್ಲ ಮುಗಿದ ಮೇಲೆ, ಎಷ್ಟೋ ವರ್ಷಗಳ ತರುವಾಯ ಹೇಳುತ್ತಿದ್ದಾನೆ. 27ನೆಯ ಅಧ್ಯಾಯದಲ್ಲಿ ಜೋ ಲಂಡನ್ನಿಗೆ ಬರುವ ಸುದ್ದಿ ತಿಳಿದಾಗ, ಹಣ ಕೊಟ್ಟು ಅವನನ್ನು ದೂರವಿಡಲು ಸಾಧ್ಯವಿದ್ದರೆ ಖಂಡಿತ ಕೊಟ್ಟುಬಿಡುತ್ತಿದ್ದೆ ಎಂಬ ಭಾವವನ್ನು ಪಿಪ್ ಮುಚ್ಚಿಡದೆ ಹೇಳುತ್ತಾನೆ. ಆ ಒಪ್ಪಿಗೆಯ ನಾಚಿಕೆಯನ್ನು ನೋಡಿ ವಿದ್ಯಾರ್ಥಿಗಳು, 27ನೆಯ ಅಧ್ಯಾಯದಲ್ಲಿಯೇ ಪಿಪ್‌ಗೆ ಪಶ್ಚಾತ್ತಾಪವಾಗಿದೆ ಎಂದು ಬರೆಯುತ್ತಾರೆ. ಪಶ್ಚಾತ್ತಾಪ ಹೇಳುವವನದು, ಆ ದಿನ ಊಟದ ಮೇಜಿನ ಮುಂದೆ ಕುಳಿತ ತರುಣನದಲ್ಲ. ಆ ತರುಣನಾದರೋ ಜೋನ ಟೋಪಿ ಮತ್ತೆ ಮತ್ತೆ ಕೆಳಗೆ ಬೀಳುವುದನ್ನು ಕಂಡು ಸಿಡಿಮಿಡಿಗೊಳ್ಳುತ್ತಿದ್ದಾನೆ. ಆದ್ದರಿಂದ ಅಂಕಣಕ್ಕೆ ಬರೆಯಬೇಕಾದದ್ದು ಆ ದಿನ ಮಾಡಿದ್ದನ್ನು ಮಾತ್ರ. ಹೇಳುವವನ ಟೀಕೆಯನ್ನು ಹಾಳೆಯ ಅಂಚಿನಲ್ಲಿ ಬೇರೆಯಾಗಿ ಗುರುತು ಮಾಡಿಕೊಳ್ಳಬೇಕು. ಆತ್ಮಕಥನದ ರೂಪದ ಯಾವ ಕಾದಂಬರಿಗೂ ಈ ನಿಯಮ ಸಲ್ಲುತ್ತದೆ. ಇದನ್ನು ಮರೆತರೆ ಮೊದಲ ಪುಟದಿಂದಲೇ ನಾಯಕ ಸುಧಾರಿಸಿದವನಾಗಿ ಕಂಡು, ಪಾತ್ರಪಥವೆಂಬುದೇ ಅಳಿಸಿಹೋಗುತ್ತದೆ.

ಇನ್ನು ಪಿಪ್‌ನ ಹಾದಿ. ಮೊದಲ ಸಾಲು 3ನೆಯ ಅಧ್ಯಾಯ. ಕದ್ದ ತಿನಿಸನ್ನು ಕೈದಿ ನಾಯಿಯಂತೆ ಗಬಗಬನೆ ತಿನ್ನುತ್ತಿರುವಾಗ ಬಾಲಕನಿಗೆ ಹೆದರಿಕೆಯ ನಡುವೆಯೂ ಕನಿಕರ ಹುಟ್ಟುತ್ತದೆ. ನಿನಗೆ ರುಚಿಸಿತಲ್ಲ, ಸಂತೋಷ ಎಂಬಂಥ ಮಾತನಾಡುತ್ತಾನೆ. 6ನೆಯ ಅಧ್ಯಾಯದಲ್ಲಿ ಈ ಕಳವನ್ನು ಜೋನಿಗೆ ಹೇಳಿಬಿಡಬೇಕೆಂದು ಅನ್ನಿಸಿದರೂ, ಅವನ ವಿಶ್ವಾಸ ಕಳೆದುಹೋದೀತೆಂದು ಹೇಳುವುದಿಲ್ಲ. ಕನಿಕರ ಉಂಟು, ಧೈರ್ಯವಿಲ್ಲ: ಇದು ಆರಂಭದ ಬಂಡವಾಳ. 8ನೆಯ ಅಧ್ಯಾಯದಲ್ಲಿ ಎಸ್ಟೆಲ್ಲಾ ಅವನ ಒರಟು ಕೈಗಳನ್ನೂ ದಪ್ಪ ಬೂಟುಗಳನ್ನೂ ಆಡಿಕೊಂಡು ನಗುತ್ತಾಳೆ. ಅಲ್ಲಿಯವರೆಗೆ ಅವನು ತನ್ನ ಕೈಗಳನ್ನು ನೋಡಿಕೊಂಡವನೇ ಅಲ್ಲ. ಇಲ್ಲಿ 'ಬೇಕಾದದ್ದು' ಎಂಬ ಅಂಕಣ ಮೊದಲ ಸಲ ಬದಲಾಗುತ್ತದೆ. ಗಮನಿಸಬೇಕಾದುದೇನೆಂದರೆ, ಹಣ ಬರುವುದು 18ನೆಯ ಅಧ್ಯಾಯದಲ್ಲಿ. ನಾಚಿಕೆ ಬಂದದ್ದು ಅದಕ್ಕೆ ಹತ್ತು ಅಧ್ಯಾಯ ಮುಂಚೆ. ಸಂಪತ್ತು ಪಿಪ್‌ನನ್ನು ಕೆಡಿಸಿತು ಎಂಬ ಸಾಮಾನ್ಯವಾದ ಉತ್ತರವನ್ನು ಈ ಒಂದು ಅಂತರವೇ ತಪ್ಪೆಂದು ತೋರಿಸುತ್ತದೆ. ಸಂಪತ್ತು ಮಾಡಿದ್ದು ಇಷ್ಟೇ: ಒಳಗಿದ್ದ ನಾಚಿಕೆಗೆ ನಡೆದಾಡಲು ಕಾಲು ಕೊಟ್ಟಿತು.

19ನೆಯ ಅಧ್ಯಾಯದ ಕೊನೆಯಲ್ಲಿ ಪಿಪ್ ಹಳ್ಳಿ ಬಿಡುತ್ತಾನೆ. ಗಾಡಿಯವರೆಗೆ ಜೋ ಜೊತೆಗೆ ಬರುವುದು ಬೇಡವೆಂದು ಮೊದಲೇ ಹೇಳಿರುತ್ತಾನೆ. ಇಬ್ಬರ ಉಡುಪಿನ ಅಂತರ ಜನರಿಗೆ ಕಾಣಬಾರದೆಂಬುದು ಒಳಗಿನ ಕಾರಣ. ಊರ ಹೊರಗಿನ ಕೈಮರದ ಬಳಿ ಅತ್ತು, ಇಳಿದು ಹಿಂದಿರುಗಿ ಸರಿಯಾಗಿ ಬೀಳ್ಕೊಂಡು ಬರಲೇ ಎಂದು ಯೋಚಿಸುತ್ತಾನೆ. ಕುದುರೆ ಬದಲಾಯಿಸುವ ಪ್ರತಿ ನಿಲ್ದಾಣದಲ್ಲಿಯೂ ಆ ಯೋಚನೆ ಬರುತ್ತದೆ. ಕೊನೆಗೆ ದೂರ ಹೆಚ್ಚಾಗಿಬಿಡುತ್ತದೆ. ಅಂಕಣದಲ್ಲಿ ಬರೆಯಬೇಕಾದದ್ದು 'ಹಿಂದಿರುಗಲಿಲ್ಲ' ಎಂದಷ್ಟೆ. ಕಣ್ಣೀರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಇದೇ ಮಾತಿಗೆ ಇನ್ನೂ ಸ್ಪಷ್ಟವಾದ ಪುರಾವೆ 28ನೆಯ ಅಧ್ಯಾಯದಲ್ಲಿ ದೊರೆಯುತ್ತದೆ. ಎಸ್ಟೆಲ್ಲಾಳನ್ನು ನೋಡಲು ಊರಿಗೆ ಹೊರಟವನು ಜೋನ ಮನೆಯಲ್ಲಿಯೇ ಉಳಿಯಬೇಕೆಂದು ಮೊದಲು ನಿಶ್ಚಯಿಸುತ್ತಾನೆ. ಆಮೇಲೆ ಒಂದೊಂದಾಗಿ ನೆಪಗಳು ಹುಟ್ಟುತ್ತವೆ: ಅವರಿಗೆ ತೊಂದರೆಯಾದೀತು, ಹಾಸಿಗೆ ಸಿದ್ಧವಿರದು, ಮಿಸ್ ಹ್ಯಾವಿಷಾಮಳ ಮನೆಗೆ ದೂರವಾದೀತು. ಕಡೆಗೆ ಉಳಿಯುವುದು ಬ್ಲೂ ಬೋರ್ ಎಂಬ ಛತ್ರದಲ್ಲಿ. ಲಂಡನ್ನಿಗೆ ಮರಳಿದ ಮೇಲೆ ಮೀನು ಮತ್ತು ಚಿಪ್ಪುಮೀನಿನ ಪೀಪಾಯಿಯೊಂದನ್ನು ಜೋನಿಗೆ ಪ್ರಾಯಶ್ಚಿತ್ತವೆಂಬಂತೆ ಕಳುಹಿಸುತ್ತಾನೆ. ತಾನು ಹೋಗುವುದರ ಬದಲು ವಸ್ತುವನ್ನು ಕಳುಹಿಸುವ ಈ ಅಭ್ಯಾಸ ಅವನ ಪತನದ ನಡುಬಿಂದು. 35ನೆಯ ಅಧ್ಯಾಯದಲ್ಲಿ ಅಕ್ಕನ ಮಣ್ಣಿಗೆ ಬಂದವನು ಇನ್ನು ಮೇಲೆ ಆಗಾಗ್ಗೆ ಬರುತ್ತೇನೆಂದು ಮಾತು ಕೊಡುತ್ತಾನೆ. ಬಿಡ್ಡಿ ನಂಬದೆ ಸುಮ್ಮನಿರುತ್ತಾಳೆ. ಪಿಪ್‌ಗೆ ಸಿಟ್ಟು ಬರುತ್ತದೆ. ಆ ಮಾತು ನಡೆಯಲಿಲ್ಲ. ಪಾತ್ರವು ತಾನು ಬದಲಾದೆನೆಂದು ಹೇಳಿಕೊಳ್ಳುವ ಮಾತು ಬದಲಾವಣೆಗೆ ಸಾಕ್ಷಿಯಲ್ಲವೆಂಬುದಕ್ಕೆ ಈ ಅಧ್ಯಾಯ ಪಾಠಕ್ಕೆ ಯೋಗ್ಯವಾದ ಉದಾಹರಣೆ.

ಇಷ್ಟಾದರೂ ಪಥವು ಒಂದೇ ಸಮನೆ ಕೆಳಗಿಳಿಯುವುದಿಲ್ಲ. 36ನೆಯ ಅಧ್ಯಾಯದಲ್ಲಿ ಪ್ರಾಯಕ್ಕೆ ಬಂದ ಪಿಪ್‌ಗೆ 500 ಪೌಂಡು ಸಿಗುತ್ತದೆ. ಮುಂದಿನ ಅಧ್ಯಾಯದಲ್ಲಿ ಅದರ ಅರ್ಧವನ್ನು ಗೆಳೆಯ ಹರ್ಬರ್ಟನಿಗೆ ವ್ಯಾಪಾರದಲ್ಲಿ ನೆಲೆ ಒದಗಿಸಲು, ಅವನಿಗೇ ತಿಳಿಯದಂತೆ ಗುಟ್ಟಾಗಿ ತೊಡಗಿಸುತ್ತಾನೆ. ಸಾಲ ಮಾಡಿಕೊಂಡು ಕ್ಲಬ್ಬಿನಲ್ಲಿ ಕಾಲ ಕಳೆಯುತ್ತಿರುವ ದಿನಗಳಲ್ಲಿಯೇ ಈ ಸತ್ಕಾರ್ಯವೂ ನಡೆಯುತ್ತದೆ. ಇಂಥ ಸಾಲನ್ನು ಪಟ್ಟಿಗೆ ಒಗ್ಗುವುದಿಲ್ಲವೆಂದು ಬಿಟ್ಟುಬಿಡಬಾರದು. 3ನೆಯ ಅಧ್ಯಾಯದ ಕನಿಕರ ಸತ್ತಿಲ್ಲ, ನೆಲದೊಳಗೆ ಹರಿಯುತ್ತಿದೆ ಎಂದು ಅದು ತೋರಿಸುತ್ತದೆ. ಮುಂದೆ ಬರುವ ತಿರುವು ಆಕಾಶದಿಂದ ಬಿದ್ದದ್ದಲ್ಲವೆಂದು ಓದುಗ ನಂಬುವುದು ಇಂಥ ಸಾಲುಗಳಿಂದಲೇ.

ತಿರುವಿನ ಅಧ್ಯಾಯ 39. ಬಿರುಗಾಳಿಯ ರಾತ್ರಿ, ಪಿಪ್‌ಗೆ 23 ತುಂಬಿ ಒಂದು ವಾರವಾಗಿದೆ. ಮೆಟ್ಟಿಲೇರಿ ಬಂದ ಅಪರಿಚಿತ ಮುದುಕ ಎರಡೂ ಕೈಗಳನ್ನು ಚಾಚುತ್ತಾನೆ. ಅವನು ಯಾರೆಂದು ಗುರುತಾದಾಗ, ತನ್ನನ್ನು ದೊಡ್ಡ ಮನುಷ್ಯನನ್ನಾಗಿ ಮಾಡಿದ್ದು ನ್ಯೂ ಸೌತ್ ವೇಲ್ಸ್‌ನಲ್ಲಿ ಕುರಿ ಕಾಯ್ದ ಈ ಕೈದಿಯ ದುಡಿಮೆ ಎಂದು ತಿಳಿದಾಗ, ಪಿಪ್ ಹಾವನ್ನು ಕಂಡವನಂತೆ ಹಿಂಜರಿಯುತ್ತಾನೆ. ಇಲ್ಲಿಯೇ ಪಿಪ್ ಬದಲಾದನೆಂದು ಬರೆಯುವುದು ವಾಡಿಕೆ. ಆದರೆ ಹಾಳೆ ಹಾಗೆ ಹೇಳುವುದಿಲ್ಲ. ಈ ರಾತ್ರಿ ಬದಲಾದದ್ದು ಪಿಪ್‌ನ ತಿಳಿವಳಿಕೆ. ಇನ್ನು ಮುಂದೆ ಆ ಹಣವನ್ನು ಮುಟ್ಟೆನೆಂದು ಅವನು ನಿಶ್ಚಯಿಸುವುದೂ ತ್ಯಾಗದಿಂದಲ್ಲ, ಹೇಸಿಗೆಯಿಂದ. ಹೊರಗಿನಿಂದ ಒಳ್ಳೆಯದಾಗಿ ಕಾಣುವ ಕ್ರಿಯೆಯ ಕಾರಣವನ್ನು ಕೇಳದೆ ಅಂಕಣ ತುಂಬಿದರೆ ಪಥವೆಲ್ಲ ಓರೆಯಾಗುತ್ತದೆ. ಅದೇ ರಾತ್ರಿ ಮ್ಯಾಗ್ವಿಚ್‌ನ ಬಗ್ಗೆಯೂ ಓದುಗನ ಅಭಿಪ್ರಾಯ ಬದಲಾಗತೊಡಗುತ್ತದೆ; ಆದರೆ ಮ್ಯಾಗ್ವಿಚ್ ಬದಲಾದನೆ? ಜವುಗುನೆಲದಲ್ಲಿ ಬಾಲಕನನ್ನು ಕಾಪಾಡಲು ಕಳವನ್ನು ತನ್ನ ತಲೆಗೆ ಕಟ್ಟಿಕೊಂಡವನೂ ಅವನೇ. ಉಪಕಾರವನ್ನು ಮರೆಯದ ಗುಣ ಮೊದಲೇ ಇತ್ತು, ಓದುಗನಿಗೆ ತಡವಾಗಿ ಕಂಡಿತು. ಮುಸುಕು ಸರಿಯುವುದು ಬೇರೆ, ಮುಖ ಬದಲಾಗುವುದು ಬೇರೆ.

ನಿಜವಾದ ಪರಿವರ್ತನೆ 39ರಿಂದ 54ರವರೆಗೆ ನಿಧಾನವಾಗಿ ನಡೆಯುತ್ತದೆ. ಅದನ್ನು ಹಿಡಿಯಲು ಕೈಗಳನ್ನು ಗಮನಿಸಿದರೆ ಸಾಕು. 39ರಲ್ಲಿ ಮ್ಯಾಗ್ವಿಚ್ ಮುಟ್ಟಿದರೆ ಪಿಪ್‌ನ ಮೈ ಮುದುಡುತ್ತದೆ. 42ರಲ್ಲಿ ಮ್ಯಾಗ್ವಿಚ್ ತನ್ನ ಕಥೆ ಹೇಳುತ್ತಾನೆ: ತಾನು ಯಾರೆಂದು ತಿಳಿಯುವ ಮೊದಲೇ ಹಸಿವಿಗಾಗಿ ಗೆಡ್ಡೆ ಕದಿಯುತ್ತಿದ್ದ ಅನಾಥ ಹುಡುಗ, ಸೆರೆಮನೆಯಿಂದ ಸೆರೆಮನೆಗೆ ಹೋದ ಬದುಕು, ಸುಶಿಕ್ಷಿತನಾದ ಕಾಂಪೇಸನ್ ಅವನನ್ನು ಬಳಸಿಕೊಂಡು ನ್ಯಾಯಾಲಯದಲ್ಲಿ ಕಡಿಮೆ ಶಿಕ್ಷೆಯೊಡನೆ ಪಾರಾದದ್ದು. ಸಭ್ಯನೆಂದರೆ ಯಾರು ಎಂಬ ಪಿಪ್‌ನ ಕಲ್ಪನೆ ಇಲ್ಲಿ ಬಿರುಕು ಬಿಡುತ್ತದೆ. 46ರಲ್ಲಿ ನದೀತೀರದ ಮನೆಯೊಂದರಲ್ಲಿ ಅವನನ್ನು ಅಡಗಿಸಿ ಹಿಂದಿರುಗುವಾಗ, ಇವನಿಂದ ಅಗಲುವುದಕ್ಕೆ ತನ್ನ ಎದೆ ಇಷ್ಟು ಭಾರವಾಗುವುದೆಂದು ಎಣಿಸಿರಲಿಲ್ಲವಲ್ಲ ಎಂದು ಪಿಪ್‌ಗೆ ಅಚ್ಚರಿಯಾಗುತ್ತದೆ. 54ರಲ್ಲಿ ತಪ್ಪಿಸಿಕೊಳ್ಳುವ ಪ್ರಯತ್ನ ಥೇಮ್ಸ್ ನದಿಯ ಮೇಲೆ ವಿಫಲವಾಗಿ, ಗಾಯಗೊಂಡ ಮ್ಯಾಗ್ವಿಚ್ ಸಂಕೋಲೆಯಲ್ಲಿ ಕುಳಿತಾಗ, ಪಿಪ್ ಎಲ್ಲರ ಕಣ್ಣೆದುರಿಗೆ ಅವನ ಪಕ್ಕದಲ್ಲಿ ಹೋಗಿ ಕುಳಿತು ಅವನ ಕೈ ಹಿಡಿದುಕೊಳ್ಳುತ್ತಾನೆ. 56ರಲ್ಲಿ ಮರಣದಂಡನೆಯ ತೀರ್ಪನ್ನು ಓದುವಾಗಲೂ ಕಟಕಟೆಯ ಹೊರಗೆ ನಿಂತು ಆ ಕೈ ಬಿಡುವುದಿಲ್ಲ. ಜೋನ ಉಡುಪು ಜನರ ಕಣ್ಣಿಗೆ ಬೀಳಬಾರದೆಂದು ಗಾಡಿಯ ಬಳಿಗೆ ಬರಗೊಡಿಸದಿದ್ದವನು ಇವನೇ. 19ನ್ನೂ 56ನ್ನೂ ಪಕ್ಕಪಕ್ಕ ಇಟ್ಟಾಗ 'ತೆತ್ತದ್ದು' ಎಂಬ ಅಂಕಣ ತಿರುಗಿಬಿದ್ದಿರುವುದು ಕಾಣುತ್ತದೆ: ಮೊದಲು ಪಿಪ್‌ನ ಮಾನಕ್ಕೆ ಜೋ ಬೆಲೆ ತೆರುತ್ತಿದ್ದನು, ಈಗ ಮ್ಯಾಗ್ವಿಚ್‌ನ ನೆಮ್ಮದಿಗೆ ಪಿಪ್ ತನ್ನ ಮಾನವನ್ನು ತೆರುತ್ತಾನೆ. ಅಪರಾಧಿಯ ಆಸ್ತಿಯೆಲ್ಲ ರಾಜಬೊಕ್ಕಸಕ್ಕೆ ಸೇರುತ್ತದೆ, ತನಗೆ ಒಂದು ಕಾಸೂ ಬಾರದೆಂದು ಅವನಿಗೆ ಗೊತ್ತು. ಮುದುಕನ ಸಂತೋಷ ಕೆಡಬಾರದೆಂದು ಅದನ್ನು ಅವನಿಗೆ ಹೇಳುವುದಿಲ್ಲ. 6ನೆಯ ಅಧ್ಯಾಯದಲ್ಲಿ ಸತ್ಯವನ್ನು ಮರೆಮಾಡಿದ್ದು ತನಗಾಗಿ. ಇಲ್ಲಿ ಮರೆಮಾಡುವುದು ಇನ್ನೊಬ್ಬನಿಗಾಗಿ.

ಬದಲಾವಣೆ ಇಲ್ಲಿಗೂ ಪೂರ್ತಿಯಾಗಲಿಲ್ಲವೆಂಬುದನ್ನು ಡಿಕನ್ಸನು ಸೂಕ್ಷ್ಮವಾಗಿ ಸೂಚಿಸುತ್ತಾನೆ. ಕಾಯಿಲೆಯಲ್ಲಿ ಪಿಪ್ ನಿಶ್ಶಕ್ತನಾಗಿದ್ದಾಗ ಜೋ ಹಳೆಯ ಸಲುಗೆಯಿಂದ ಮಾತಾಡುತ್ತಾನೆ. ಪಿಪ್ ಚೇತರಿಸಿಕೊಂಡಂತೆ 'ಸರ್' ಎಂಬ ಮಾತು ಮತ್ತೆ ನುಸುಳುತ್ತದೆ. ಆ ದೂರವನ್ನು ಕಲಿಸಿದವನು ತಾನೆಂದು ಪಿಪ್ ಈಗ ಕಾಣುತ್ತಾನೆ. ಆದರೂ ಊರಿಗೆ ಹೋಗಿ ಬಿಡ್ಡಿಯನ್ನು ಮದುವೆಯಾಗುವಂತೆ ಕೇಳಬೇಕೆಂದು ಹೊರಡುವಾಗ, ಇಷ್ಟು ವರ್ಷ ಅವಳು ತನಗಾಗಿ ಕಾದಿರುವಳೆಂಬ ಹಳೆಯ ಬಿಂಕದ ಎಳೆ ಒಂದು ಉಳಿದೇ ಇರುತ್ತದೆ. 58ರಲ್ಲಿ ಅವಳು ಅಂದೇ ಜೋನ ಹೆಂಡತಿಯಾಗಿದ್ದಾಳೆ. ಪಿಪ್ ಇಬ್ಬರ ಕ್ಷಮೆ ಬೇಡಿ, ಪೂರ್ವದೇಶದಲ್ಲಿ ಹರ್ಬರ್ಟನ ವ್ಯಾಪಾರದಲ್ಲಿ ಗುಮಾಸ್ತನಾಗಿ ದುಡಿಯಲು ಹೋಗುತ್ತಾನೆ. ಈ ಸಲ ಚಿಪ್ಪುಮೀನಿನ ಪೀಪಾಯಿ ಬರಲಿಲ್ಲ, ತಾನೇ ಬಂದನು ಎಂಬುದನ್ನು ಹಾಳೆಯ ಕೊನೆಯ ಸಾಲಿನಲ್ಲಿ ಬರೆಯಬಹುದು.

ಎರಡು ಪಾತ್ರಗಳು ಈ ವಿಭಾಗಕ್ಕೆ ಸುಲಭವಾಗಿ ಸಿಕ್ಕುವುದಿಲ್ಲ. ಮಿಸ್ ಹ್ಯಾವಿಷಾಮ್ ಮದುವೆ ಮುರಿದ ಗಳಿಗೆಗೆ, ಒಂಬತ್ತಕ್ಕೆ ಇಪ್ಪತ್ತು ನಿಮಿಷ ಇರುವಂತೆ ಗಡಿಯಾರಗಳನ್ನೆಲ್ಲ ನಿಲ್ಲಿಸಿದವಳು. ಸ್ಥಿರತೆಯನ್ನೇ ಹಟ ಹಿಡಿದು ಕಟ್ಟಿಕೊಂಡವಳು. ಅಂಥವಳು 49ನೆಯ ಅಧ್ಯಾಯದಲ್ಲಿ ಪಿಪ್‌ನ ಮುಂದೆ ಮೊಣಕಾಲೂರಿ ಕ್ಷಮೆ ಬೇಡುತ್ತಾಳೆ. ಇದು ಹಠಾತ್ತಾದುದೆಂದು ತೋರಿದರೆ ಹಿಂದಿನ ಎರಡು ಅಧ್ಯಾಯಗಳನ್ನು ನೋಡಬೇಕು. 38ರಲ್ಲಿ ಎಸ್ಟೆಲ್ಲಾ, ನೀನು ಬೆಳೆಸಿದಂತೆಯೇ ನಾನಿದ್ದೇನೆ, ಪ್ರೀತಿಯನ್ನು ನೀನೇ ಕಲಿಸಲಿಲ್ಲ ಎಂಬ ಉತ್ತರ ಕೊಟ್ಟಿದ್ದಾಳೆ. 44ರಲ್ಲಿ ಪಿಪ್‌ನ ಒಡೆದ ಎದೆಯ ಮಾತುಗಳಲ್ಲಿ ಆಕೆ ತನ್ನ ಹಳೆಯ ದುಃಖವನ್ನೇ ಇನ್ನೊಬ್ಬನಲ್ಲಿ ಕಂಡಿದ್ದಾಳೆ. ಕಾರಣಗಳನ್ನು ಮೊದಲೇ ಇಟ್ಟಿರುವುದರಿಂದ ಇದು ಪರಿವರ್ತನೆಯೇ. ಕಾರಣವಿಲ್ಲದೆ ಕೊನೆಯ ಅಧ್ಯಾಯದಲ್ಲಿ ಕೆಟ್ಟವರು ಒಳ್ಳೆಯವರಾಗುವ ಕಾದಂಬರಿಗಳಲ್ಲಿ ಬದಲಾಗುವುದು ಲೇಖಕನ ಅನುಕೂಲ, ಪಾತ್ರವಲ್ಲ.

ಎಸ್ಟೆಲ್ಲಾಳದು ಇನ್ನೂ ಕಷ್ಟದ ಪ್ರಕರಣ. 59ನೆಯ ಅಧ್ಯಾಯದಲ್ಲಿ, ಹನ್ನೊಂದು ವರ್ಷಗಳ ತರುವಾಯ, ಪಾಳುಬಿದ್ದ ಮನೆಯ ತೋಟದಲ್ಲಿ ಅವಳು ಪಿಪ್‌ಗೆ ಸಿಗುತ್ತಾಳೆ; ದುಃಖ ತನ್ನನ್ನು ಬಗ್ಗಿಸಿದೆಯೆಂದು ಹೇಳುತ್ತಾಳೆ. ಕ್ರೂರಿಯಾದ ಗಂಡನೊಡನೆ ಅವಳು ಕಳೆದ ವರ್ಷಗಳು ಓದುಗನ ಕಣ್ಣಿಗೆ ಬಿದ್ದಿಲ್ಲ. ಅವಳ ಹಾಳೆಯಲ್ಲಿ ಆರಂಭವೂ ಇದೆ, ಕೊನೆಯೂ ಇದೆ. ನಡುವಿನ ಸಾಲುಗಳು ಖಾಲಿ. ಆದ್ದರಿಂದ ಅವಳು ಬದಲಾದಳೆಂದು ಹೇಳಬಹುದು, ಹೇಗೆಂದು ತೋರಿಸಲಾಗದು. ಡಿಕನ್ಸನು ಮೊದಲು ಬರೆದಿದ್ದ ಮುಕ್ತಾಯ ಬೇರೆಯಾಗಿತ್ತು: ಲಂಡನ್ನಿನ ಬೀದಿಯಲ್ಲಿ ಇಬ್ಬರೂ ಕ್ಷಣಕಾಲ ಭೇಟಿಯಾಗಿ ಅಗಲುತ್ತಾರೆ, ಅವಳು ಮರುಮದುವೆಯಾಗಿರುತ್ತಾಳೆ. ಗೆಳೆಯನಾದ ಕಾದಂಬರಿಕಾರ ಬುಲ್ವರ್ ಲಿಟನ್‌ನ ಸಲಹೆಯಂತೆ ಅದನ್ನು ತೆಗೆದು, ಇಬ್ಬರೂ ಕೈಹಿಡಿದು ತೋಟದಿಂದ ಹೊರಬರುವ ಈಗಿನ ಮುಕ್ತಾಯವನ್ನು ಬರೆದನು. ಯಾವುದು ಮೇಲೆಂಬ ಚರ್ಚೆ ವಿಮರ್ಶಕರಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹಾಳೆಯನ್ನು ತುಂಬಿದ ವಿದ್ಯಾರ್ಥಿಗೆ ಮಾತ್ರ ಒಂದು ಸಂಗತಿ ಕಾಣುತ್ತದೆ: ಎರಡರಲ್ಲಿ ಯಾವುದನ್ನು ಅಂಟಿಸಿದರೂ ಪಿಪ್‌ನ ಅಂಕಣಗಳಲ್ಲಿ ಒಂದಕ್ಷರವನ್ನೂ ತಿದ್ದಬೇಕಾಗುವುದಿಲ್ಲ, ಅವನ ಪಥ 58ನೆಯ ಅಧ್ಯಾಯದಲ್ಲಿ, ಜೋನ ಅಡುಗೆಮನೆಯಲ್ಲಿಯೇ ಮುಗಿದಿದೆ.